ಅಜ್ಜಿಯ ಕೆಮ್ಮು ಶುರುವಾದದ್ದು ಯಾವಾಗ?

ಕಾಪುವಿನ ನಮ್ಮ ಮನೆಯಲ್ಲಿ ಅಜ್ಜಿಯ ಆಸ್ಪತ್ರೆ ಚೀಟಿಗಳೆಲ್ಲ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತವೆ. 2024ರ ಆಗಸ್ಟ್‌ನಲ್ಲಿ ನಾನು ಅವನ್ನೆಲ್ಲ ಚಾವಡಿಯಲ್ಲಿ ಹರಡಿಕೊಂಡು ಕೂತೆ. ಅಜ್ಜಿಗೆ ಆರು ತಿಂಗಳಿಂದ ಒಣ ಕೆಮ್ಮು. ಸಿರಪ್ ಆಯಿತು, ಆಂಟಿಬಯೋಟಿಕ್ ಆಯಿತು, ಎಕ್ಸ್‌ರೇಯಲ್ಲಿ ಎಂತದ್ದೂ ಇಲ್ಲ. ಪ್ರತಿ ಸಲ ಹೊಸ ಡಾಕ್ಟರ ಮುಂದೆ ಅಜ್ಜಿ ಕಾಲು ಊತದಿಂದ ಹಿಡಿದು ದೊಡ್ಡಮ್ಮನ ಮಗಳ ಮದುವೆವರೆಗೆ ಹೇಳುತ್ತಿದ್ದರು. ಐದು ನಿಮಿಷದಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ?

ನಾನು ಕಂಪ್ಯೂಟರ್ ಸೈನ್ಸ್‌ನವನು. ಟೇಬಲ್ ಮಾಡುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಹಾಗಲ್ಲ ಅಂತ ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಯಿತು.

ಮೊದಲ ತೊಂದರೆ ದಿನಾಂಕದ್ದು. ಚೀಟಿಯ ಮೇಲಿರುವುದು ಡಾಕ್ಟರು ಬರೆದ ದಿನ, ಕಾಯಿಲೆ ಶುರುವಾದ ದಿನ ಅಲ್ಲ. 2019ರ ಒಂದು ಚೀಟಿಯಲ್ಲಿ "ಬಿಪಿ 5 ವರ್ಷದಿಂದ" ಎಂದಿತ್ತು. 2023ರ ಚೀಟಿಯಲ್ಲೂ ಅದೇ "5 ವರ್ಷದಿಂದ"! ಹಳೆಯದನ್ನು ನೋಡಿ ಹಾಗೇ ಬರೆದದ್ದು. ಅದಕ್ಕೆ ಅತ್ಯಂತ ಹಳೆಯ ಚೀಟಿಯನ್ನು ನಂಬಿ, 2019ರಿಂದ ಐದು ಕಳೆದು "ಸುಮಾರು 2014" ಅಂತ ಬರೆದೆ. "ಸುಮಾರು" ಅನ್ನುವ ಪದ ಬಿಟ್ಟರೆ ಟೇಬಲ್ ಸುಳ್ಳು ಹೇಳಿದ ಹಾಗೆ.

ಕೆಮ್ಮಿಗೆ ಮಾತ್ರ ಚೀಟಿ ಸಾಕಾಗಲಿಲ್ಲ. ಮೊದಲ ಚೀಟಿ ಏಪ್ರಿಲ್‌ನದ್ದು, ಆದರೆ ಕೆಮ್ಮು ಅದಕ್ಕೂ ಮುಂಚೆಯೇ ಇತ್ತು. "ಅಜ್ಜಿ, ಯಾವ ತಿಂಗಳು?" ಅಂದರೆ ಗೊತ್ತಿಲ್ಲ ಅನ್ನುತ್ತಾರೆ. ಪ್ರಶ್ನೆ ಬದಲಿಸಿದೆ. ಪುತ್ತಿಗೆ ಪರ್ಯಾಯಕ್ಕೆ ಉಡುಪಿಗೆ ಹೋದಾಗ ಕೆಮ್ಮು ಇತ್ತಾ? "ಇಲ್ಲ ಮಾರಾಯ, ಇಡೀ ರಾತ್ರಿ ಕೂತಿದ್ದೆ. ಸುಗ್ಗಿ ಮಾರಿಪೂಜೆಗೆ ನೆಂಟರು ಬಂದಾಗ ಕೆಮ್ಮಿ ಕೆಮ್ಮಿ ಬಡಿಸಲಿಕ್ಕೇ ಆಗಲಿಲ್ಲ." ಪರ್ಯಾಯ 2024ರ ಜನವರಿ 18ಕ್ಕೆ, ಸುಗ್ಗಿ ಮಾರಿಪೂಜೆ ಮಾರ್ಚ್‌ಗೆ. ಕೆಮ್ಮು ಬಂದದ್ದು ಇವೆರಡರ ನಡುವೆ.

ಎರಡನೆಯ ತೊಂದರೆ ಮಾತ್ರೆಯ ಹೆಸರು. ಎರಡು ಅಂಗಡಿಯ ಎರಡು ಬ್ರಾಂಡ್ ನೋಡಿ ನಾನು ಎರಡು ಸಾಲು ಬರೆದಿದ್ದೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಎರಡರಲ್ಲೂ ಎನಲಾಪ್ರಿಲ್ 5 ಮಿ.ಗ್ರಾಂ. ಬ್ರಾಂಡ್ ಅಲ್ಲ, ಒಳಗಿರುವ ಔಷಧದ ಹೆಸರೇ ಬರೆಯಬೇಕು.

ಕೊನೆಗೆ ಉಳಿದದ್ದು ಇಷ್ಟು:

| ಯಾವಾಗ | ತೊಂದರೆ | ಚಿಕಿತ್ಸೆ | ಏನಾಯಿತು | ಹೇಗೆ ಗೊತ್ತು |
|---|---|---|---|---|
| ಸುಮಾರು 2014 | ಬಿಪಿ | ಅಮ್ಲೋಡಿಪಿನ್ | ಹತೋಟಿಯಲ್ಲಿ | 2019ರ ಚೀಟಿ |
| 2023 ನವೆಂಬರ್ | ಕಾಲು ಊತ | ಅಮ್ಲೋಡಿಪಿನ್ ನಿಲ್ಲಿಸಿದರು | ಊತ ಇಳಿಯಿತು | ಚೀಟಿ, ಅಜ್ಜಿ |
| 2023 ಡಿಸೆಂಬರ್ | ಬಿಪಿ | ಎನಲಾಪ್ರಿಲ್ ಶುರು | ಹತೋಟಿಯಲ್ಲಿ | ಚೀಟಿ |
| 2024 ಜನವರಿ 18–ಮಾರ್ಚ್ | ಒಣ ಕೆಮ್ಮು | ಮನೆಮದ್ದು | ಕಡಿಮೆಯಾಗಲಿಲ್ಲ | ಅಜ್ಜಿ |
| 2024 ಏಪ್ರಿಲ್ | ಕೆಮ್ಮು | ಸಿರಪ್, ಆಂಟಿಬಯೋಟಿಕ್ | ಕಡಿಮೆಯಾಗಲಿಲ್ಲ | ಚೀಟಿ, ಎಕ್ಸ್‌ರೇ |

ಈ ಹಾಳೆ ನೋಡಿದ ಡಾಕ್ಟರು ಮೂರನೇ ಮತ್ತು ನಾಲ್ಕನೇ ಸಾಲಿನ ಮೇಲೆ ಪೆನ್ ಇಟ್ಟರು. ಎನಲಾಪ್ರಿಲ್ ಜಾತಿಯ ಮಾತ್ರೆಗಳಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಕೆಲವು ವಾರ ಅಥವಾ ತಿಂಗಳು ಕಳೆದ ಮೇಲೂ ಬರಬಹುದು ಅಂದರು. ಮಾತ್ರೆ ಬದಲಿಸಿ ಟೆಲ್ಮಿಸಾರ್ಟನ್ ಕೊಟ್ಟರು. ಮೂರು ವಾರದಲ್ಲಿ ಕೆಮ್ಮು ನಿಂತಿತು.

ಹಾಗಂತ ಕಾರಣ ಹುಡುಕಿದ್ದು ಟೇಬಲ್ ಅಲ್ಲ. ಯಾವುದರ ನಂತರ ಯಾವುದು ಅಂತ ಮಾತ್ರ ಅದು ತೋರಿಸಿತು. ನಂತರ ಬಂದದ್ದೆಲ್ಲ ಅದರಿಂದಲೇ ಬಂದದ್ದಲ್ಲ. ಮಾತ್ರೆ ಬದಲಿಸಿದ ಮೇಲೆ ಕೆಮ್ಮು ನಿಂತದ್ದರಿಂದ ಅನುಮಾನ ಗಟ್ಟಿಯಾಯಿತು. ಟೇಬಲ್ ನೋಡಿ ನಾನೇ ಮಾತ್ರೆ ನಿಲ್ಲಿಸಿದ್ದರೆ ಅಜ್ಜಿಯ ಬಿಪಿ ಏರಿ ಬೇರೆಯದೇ ಅನಾಹುತ ಆಗುತ್ತಿತ್ತು.

"ಆಭಾ ಐಡಿ ಮಾಡಿದರೆ ಎಲ್ಲ ಅದರಲ್ಲೇ ಇರ್ತದಲ್ಲ" ಅಂತ ನನ್ನ ರೂಮ್‌ಮೇಟ್ ಕೇಳಿದ. 14 ಅಂಕಿಯ ಆ ನಂಬರಿಗೆ ಚೀಟಿಗಳನ್ನು ಜೋಡಿಸಬಹುದು, ಒಳ್ಳೆಯದೇ. ಆದರೆ ನಮಗೆ ಬೇಕಾಗಿದ್ದ ನಾಲ್ಕನೇ ಸಾಲು ಯಾವ ಚೀಟಿಯಲ್ಲೂ ಇರಲಿಲ್ಲ. ಅದು ಇದ್ದದ್ದು ಮಾರಿಪೂಜೆಯ ಊಟದ ಕಥೆಯಲ್ಲಿ.

ಅದಕ್ಕೇ ನನ್ನ ವಾದ ಇಷ್ಟು. ಮನೆಯ ಹಿರಿಯರಿಗೆ ಇಂಥದ್ದೊಂದು ಹಾಳೆ ಮಾಡಿಕೊಡಿ, ಆದರೆ ಕಥೆಯನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. "ವಿಷಯಕ್ಕೆ ಬನ್ನಿ ಅಜ್ಜಿ" ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅವರು ಆಗ ವಿಷಯದಲ್ಲೇ ಇದ್ದರು. ಮತ್ತೆ, "ಹೇಗೆ ಗೊತ್ತು" ಅನ್ನುವ ಕೊನೆಯ ಕಾಲಂ ಬಿಡಬೇಡಿ. ಯಾವ ಸಾಲನ್ನು ಎಷ್ಟು ನಂಬಬೇಕು ಅಂತ ಡಾಕ್ಟರಿಗೆ ಗೊತ್ತಾಗುವುದು ಅದರಿಂದ.

ನಮ್ಮ ಹಾಳೆಯ ಆರನೇ ಸಾಲು ಈಗ ತುಂಬಿದೆ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ವಾಕ್ಯ ಉಂಟು: "ಎನಲಾಪ್ರಿಲ್‌ನಿಂದ ಕೆಮ್ಮು ಬಂದಿತ್ತು, ಪುನಃ ಕೊಡಬೇಡಿ." ಪ್ಲಾಸ್ಟಿಕ್ ಚೀಲದಲ್ಲಿ ಈಗ ಎಲ್ಲಕ್ಕಿಂತ ಮೇಲಿರುವುದು ಅದೇ.