ಆಡಳಿತ ವೆಚ್ಚ ಸೊನ್ನೆ ಅಂತೆ!

ಯಡಿಯೂರು ಕೆರೆ ಪಕ್ಕದಲ್ಲಿ ನಮ್ಮ ಟ್ರಸ್ಟಿನ ಮೀಟಿಂಗು. ವರ್ಷಕ್ಕೆ ಬರೋ ಬಡ್ಡಿ 6 ಲಕ್ಷ. 200 ಮಕ್ಕಳಿಗೆ ತಲಾ 3,000 ಹಂಚೋಣ, ಆಡಳಿತ ವೆಚ್ಚ ಸೊನ್ನೆ ಅಂತಾರೆ ಹಿರಿಯರು. ಸ್ವಾಮಿ, ಹಳ್ಳಿಯಿಂದ ಬಂದು ಪಿಯುಸಿ ಓದೋ ಹುಡುಗಿಗೆ ಅದು ಒಂದು ತಿಂಗಳ ಪಿಜಿ ಬಾಡಿಗೆಗೂ ಸಾಲಲ್ಲ. ವೇದಿಕೆ ಮೇಲಿನ ಫೋಟೋಗೆ ಸಾಲುತ್ತೆ, ಅಷ್ಟೆ.

ನಾನು ಕೇಳೋದು 30 ಮಕ್ಕಳಿಗೆ ತಲಾ 18,000. ಒಟ್ಟು 5.4 ಲಕ್ಷ. ಪಿಯುಸಿ ಎರಡು ವರ್ಷ, ಹಾಗಾಗಿ ವರ್ಷಕ್ಕೆ ಹೊಸಬರು 15 ಮಾತ್ರ. ಮೊದಲ ವರ್ಷವೇ 30 ಜನರನ್ನೂ ತಗೊಂಡ್ರೆ ಮುಂದಿನ ವರ್ಷ ಹೊಸಬರಿಗೆ ಒಂದು ರೂಪಾಯಿಯೂ ಇರಲ್ಲ.

ಉಳಿದ 60,000, ಅಂದ್ರೆ ಶೇ. 10, ಆಡಳಿತಕ್ಕೆ. ಮನೆಗೆ ಹೋಗಿ ಆದಾಯ ವಿಚಾರಿಸೋಕೆ, ಕಾಲೇಜಿಗೆ ಫೋನ್ ಮಾಡಿ ಹಾಜರಾತಿ ಕೇಳೋಕೆ ಅರೆಕಾಲಿಕವಾಗಿ ಒಬ್ಬರು ಬೇಕಲ್ಲ? ಸೊನ್ನೆ ಅಂತ ಬರೆದರೆ ಆ ಕೆಲಸ ಯಾರೂ ಮಾಡಲ್ಲ. ಆಗಸ್ಟಲ್ಲಿ ಕಾಲೇಜು ಬಿಟ್ಟ ಹುಡುಗನ ಸುದ್ದಿ ನಮಗೆ ತಲುಪೋದು ಮುಂದಿನ ಜೂನಿಗೆ.