ಜಾಹೀರಾತಿನಲ್ಲಿ ಹೆಸರಿಲ್ಲದ ಭಾಗಗಳು
ರೆಡಿಮೇಡ್ ಗೇಮಿಂಗ್ ಪಿಸಿಯ ಜಾಹೀರಾತಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರುಗಳು ದಪ್ಪಕ್ಷರದಲ್ಲಿರುತ್ತವೆ. ಮಾರುವವರು ದುಡ್ಡು ಉಳಿಸುವುದು ಸಾಮಾನ್ಯವಾಗಿ ಹೆಸರು ಹೇಳದ ಭಾಗಗಳಲ್ಲಿ. ‘16 ಜಿಬಿ ರ್‍ಯಾಮ್’ ಎಂದಷ್ಟೇ ಇದ್ದರೆ, ಅದು ಒಂದೇ ಸ್ಟಿಕ್ಕೋ 8 ಜಿಬಿಯ ಎರಡೋ ಎಂದು ಕೇಳಿ. ಒಂದೇ ಆದರೆ ಮೆಮೊರಿಯ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿದು, ಹಲವು ಗೇಮ್‌ಗಳು ಅಲ್ಲಲ್ಲಿ ತಡವರಿಸುತ್ತವೆ. ಎಸ್‌ಎಂಪಿಎಸ್‌ಗೆ ಕಂಪನಿಯ ಹೆಸರಿಲ್ಲದೆ ಬರೀ ‘600 ವ್ಯಾಟ್’ ಎಂದಿದ್ದರೆ ಇನ್ನೂ ಹುಷಾರು: ಕಳಪೆಯದಾದರೆ ಗೇಮ್‌ನ ಭಾರ ಏರಿದೊಡನೆ ಪಿಸಿ ಥಟ್ಟನೆ ಆಫ್ ಆಗಬಹುದು. ಹಾಗಾಗಿ ನೀವೇ ಜೋಡಿಸುವ ಪಿಸಿಯ ಜೊತೆ ಬೆಲೆ ಹೋಲಿಸುವಾಗ ಅದೇ ಗುಣಮಟ್ಟದ ಬಿಡಿಭಾಗಗಳ ಬೆಲೆ ಕೂಡಿ, ವಿಂಡೋಸ್ ಲೈಸೆನ್ಸನ್ನೂ ಸೇರಿಸಿ ನೋಡಬೇಕು. ವಾರಂಟಿಯ ಲೆಕ್ಕ ಬೇರೆ. ರೆಡಿಮೇಡ್ ಕೆಟ್ಟರೆ ಇಡೀ ಪಿಸಿಗೆ ಒಬ್ಬರೇ ಹೊಣೆ. ಬಿಡಿಯಾಗಿ ಕೊಂಡ ರ್‍ಯಾಮ್, ಎಸ್‌ಎಂಪಿಎಸ್‌ಗಳಿಗೆ ಹಲವು ಸಲ ಹೆಚ್ಚು ವರ್ಷದ ವಾರಂಟಿ ಇರುತ್ತದೆ, ಆದರೆ ಕೆಟ್ಟಿದ್ದು ಯಾವುದೆಂದು ಪತ್ತೆ ಹಚ್ಚಬೇಕಾದವರು ನೀವೇ. ಹೊಸಬರಿಗೆ ನಿಜವಾದ ಪರೀಕ್ಷೆ ಅಲ್ಲಿದೆ. ಜೋಡಿಸುವುದಕ್ಕೆ ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನದ ತಾಳ್ಮೆ ಸಾಕು. ಆದರೆ ಪಿಸಿ ಆನ್ ಆಗಿಯೂ ಪರದೆ ಕಪ್ಪಾಗೇ ಉಳಿದರೆ, ರ್‍ಯಾಮನ್ನು ಒಂದೊಂದಾಗಿ ತೆಗೆದು ಹಾಕಿ ನೋಡುವ ಧೈರ್ಯ ಬೇಕು. ಅದಿಲ್ಲದವರು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಭಾಗಗಳನ್ನು ತಾವೇ ಆರಿಸಿ, ಅಂಗಡಿಯವರಿಂದಲೇ ಜೋಡಿಸಿಕೊಳ್ಳಬಹುದು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬೇರೆ ಬೇರೆಯಾಗಿ ಬರೆಸಿಕೊಳ್ಳಿ; ನಾಳೆ ವಾರಂಟಿ ಕೇಳಲು ಹೋದಾಗ ಅದು ಕೆಲಸಕ್ಕೆ ಬರುತ್ತದೆ.