ತೆರೆಯ ಮುಂದಿನ ಮಗುವೂ ಜಾಹೀರಾತೂ

ಮಗು ದಿನಕ್ಕೆ ಎಷ್ಟು ಹೊತ್ತು ಟಿ.ವಿ., ಮೊಬೈಲು ನೋಡಬಹುದು? ಸಾಂಗಲಿ-ಮಿರಜಗಳ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ನಿತ್ಯವೂ ಏಳುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಆದರೆ ಅದಕ್ಕಿರುವ ಆಧಾರ ಅತಿ ದುರ್ಬಲವೆಂದು ತಾನೇ ಒಪ್ಪಿಕೊಂಡಿತು. ಅದೇ ವರ್ಷ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು ಗಂಟೆಗಳ ಮಿತಿಯನ್ನೇ ವಿಧಿಸಲಿಲ್ಲ. ಹೆಚ್ಚು ನೋಡುವ ಮಕ್ಕಳು ಕಡಿಮೆ ನಿದ್ರಿಸುವುದು ಕಂಡುಬಂದರೂ, ನೋಡಿದ್ದರಿಂದ ನಿದ್ರೆ ಕೆಟ್ಟಿತೋ, ನಿದ್ರೆ ಬಾರದ್ದರಿಂದ ನೋಡುತ್ತ ಕುಳಿತರೋ ಎಂಬುದು ಅಷ್ಟರಿಂದಲೇ ತಿಳಿಯದು. ವಿವಾದದ ಮೂಲ ಇದೇ.

ಜಾಹೀರಾತಿನ ವಿಷಯ ಹಾಗಲ್ಲ. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಿನಿಸಿನ ಜಾಹೀರಾತನ್ನೂ ಇನ್ನೊಂದಕ್ಕೆ ಬೇರೆ ವಸ್ತುವಿನದನ್ನೂ ತೋರಿಸಿ, ಬಳಿಕ ಇಬ್ಬರ ಮುಂದೆಯೂ ತಿಂಡಿಯಿಟ್ಟು ತಿಂದದ್ದನ್ನು ತೂಗಿ ನೋಡಬಹುದು. ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಜಾಹೀರಾತು ಕಂಡ ಮಕ್ಕಳು ಹೆಚ್ಚು ತಿಂದರು. ದೊಡ್ಡವರಲ್ಲಿ ಆ ಪರಿಣಾಮ ಕಾಣಲಿಲ್ಲ. ಆದುದರಿಂದ ಎಷ್ಟು ಹೊತ್ತು ಎಂಬುದರ ಜೊತೆಗೆ ಏನನ್ನು ನೋಡಿತೆಂದು ವಿಚಾರಿಸುವುದು ಯುಕ್ತ.

ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳಿಗೆಂದೇ ಒಂದು ಭಾಗವಿದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮಕ್ಕಳ ವಾಹಿನಿಯಲ್ಲಿ ಚಿಪ್ಸ್ ಜಾಹೀರಾತು; ಅದರ ಪೊಟ್ಟಣವಿಲ್ಲದ ಹುಡುಗನನ್ನು ಗೆಳೆಯರು ನಗುತ್ತಾರೆ; ಕೊನೆಗೆ “ಅಮ್ಮನಿಗೆ ಹೇಳಿ ಇಂದೇ ತರಿಸು” ಎಂಬ ಮಾತು. ಇಲ್ಲಿ ಮೂರು ತಪ್ಪುಗಳಿವೆ. ಚಿಪ್ಸ್, ಸೋಡಾ ಪಾನೀಯಗಳಂತಹ ತಿನಿಸುಗಳ ಜಾಹೀರಾತು ಮಕ್ಕಳ ವಾಹಿನಿಯಲ್ಲಿ ಬರಕೂಡದು. ಕೊಳ್ಳದ ಮಗು ಹೀನವೆಂಬ ಭಾವನೆ ಹುಟ್ಟಿಸಕೂಡದು. ಹೆತ್ತವರನ್ನು ಒಲಿಸಿ ಕೊಳ್ಳಿಸೆಂದು ಮಗುವಿಗೆ ನೇರವಾಗಿ ಹೇಳಕೂಡದು.

ಆದರೆ ಅದೇ ಚಿಪ್ಸ್ ಜಾಹೀರಾತು, ಉಳಿದ ಎರಡು ದೋಷಗಳಿಲ್ಲದೆ, ಸಂಜೆಯ ಮರಾಠಿ ಅಥವಾ ಕನ್ನಡ ಧಾರಾವಾಹಿಯ ನಡುವೆ ಬಂದರೆ ಈ ನಿಷೇಧ ತಟ್ಟದು. ಮನೆಮಂದಿಯೊಡನೆ ಮಗು ನೋಡುತ್ತಿದ್ದರೂ ಅದು ಮಕ್ಕಳ ಕಾರ್ಯಕ್ರಮವಲ್ಲ. ಎಷ್ಟು ಸಕ್ಕರೆ, ಎಷ್ಟು ಉಪ್ಪಿದ್ದರೆ ನಿಷಿದ್ಧ ಎಂಬ ಅಳತೆಯೂ ಅಲ್ಲಿ ಇಲ್ಲ. ಕಾನೂನಿನ ದೊಡ್ಡ ಬಿರುಕು ಇದು.

ಉಲ್ಲಂಘನೆ ಕಂಡವರು ದೂರಲು ದಿಲ್ಲಿಗೇ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗೂ ದೂರು ಸಲ್ಲಿಸಬಹುದು. ಮಿರಜದವರಿಗೆ ಅದು ಸಾಂಗಲಿಯ ಕಚೇರಿ. ವಾಹಿನಿ, ದಿನಾಂಕ, ವೇಳೆ, ಯಾವ ಕಾರ್ಯಕ್ರಮದ ನಡುವೆ, ಆಡಿದ ಮಾತು, ಇಷ್ಟನ್ನು ಕಂಡೊಡನೆ ಬರೆದಿಟ್ಟುಕೊಳ್ಳಬೇಕು. “ಜಾಹೀರಾತುಗಳು ಕೆಟ್ಟಿವೆ” ಎಂಬ ಬರಿಯ ದೂರಿನಿಂದ ವಿಚಾರಣೆಗೆ ಹಿಡಿತ ಸಿಗದು. ಮೋಸದ ಜಾಹೀರಾತೆಂದು ಸಿದ್ಧವಾದರೆ ಮೊದಲ ಸಲ 10 ಲಕ್ಷ ರೂಪಾಯಿಯವರೆಗೂ, ಮರುಕಳಿಸಿದರೆ 50 ಲಕ್ಷದವರೆಗೂ ದಂಡ ವಿಧಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಧಾರಾವಾಹಿಯ ನಡುವಿನ ಜಾಹೀರಾತಿಗೆ ಮಾತ್ರ, ಸದ್ಯಕ್ಕೆ, ಪಕ್ಕದಲ್ಲಿ ಕುಳಿತ ಹಿರಿಯರ ಮಾತೇ ಕಾವಲು.